ಶೇಕಡಾ ಸರಿ, ಯಾವುದರ ಶೇಕಡಾ?

ಹುಳುಕಡ್ಡಿಗೆ ಹಚ್ಚುವ ಕ್ಲೋಟ್ರಿಮಜೋಲ್ ಕ್ರೀಮಿನ ಟ್ಯೂಬ್ ಮೇಲೆ 1% w/w ಎಂದಿರುತ್ತದೆ. ಕೂದಲು ಉದುರುವುದಕ್ಕೆ ಹಚ್ಚುವ ಮಿನಾಕ್ಸಿಡಿಲ್ ಸೀಸೆಯ ಮೇಲೆ 5% w/v. ಮೊದಲನೆಯದು 100 ಗ್ರಾಂ ಕ್ರೀಮಿನಲ್ಲಿ ಔಷಧ ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ಎರಡನೆಯದು 100 ಮಿಲಿ ದ್ರವದಲ್ಲಿ ಎಷ್ಟು ಗ್ರಾಂ ಇದೆ ಎಂಬುದು. ಹಾಗಾಗಿ 15 ಗ್ರಾಮಿನ ಆ ಟ್ಯೂಬಿನಲ್ಲಿರುವ ಕ್ಲೋಟ್ರಿಮಜೋಲ್ 150 ಮಿಲಿಗ್ರಾಂ ಮಾತ್ರ. ಮಿನಾಕ್ಸಿಡಿಲನ್ನು ಒಂದು ಮಿಲಿ ತೆಗೆದರೆ 50 ಮಿಲಿಗ್ರಾಂ ಔಷಧ ಬಂತು.

ಎರಡು ಪದ್ಧತಿ ಏಕೆ ಬೇಕು? ಕ್ರೀಮನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ: ಅರ್ಧ ಗೋಡೆಗೇ ಅಂಟುತ್ತದೆ, ಒಳಗೆ ಗಾಳಿ ಸಿಕ್ಕಿಕೊಂಡು ಅಳತೆ ಏರುತ್ತದೆ. ತಕ್ಕಡಿಗೆ ಆ ತಾಪತ್ರಯವಿಲ್ಲ. ದ್ರವವನ್ನಾದರೋ ರೋಗಿ ಮನೆಯಲ್ಲಿ ಮುಚ್ಚಳದಲ್ಲೋ ಡ್ರಾಪರಿನಲ್ಲೋ ಅಳೆದೇ ಬಳಸುತ್ತಾನೆ, ತೂಗುವವರು ಯಾರು?

ನೀರಿನಂಥ ತೆಳು ದ್ರವದಲ್ಲಿ ಒಂದು ಮಿಲಿ ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ ಎರಡೂ ಲೆಕ್ಕ ಒಂದೇ ಎನಿಸುತ್ತದೆ. ದ್ರವ ಗಟ್ಟಿಯಾದಾಗ ಬಣ್ಣ ಬಯಲು. ಫಾರ್ಮಸಿ ವಿದ್ಯಾರ್ಥಿಗಳು ಕಲಿಯುವ ಸಕ್ಕರೆ ಪಾಕಗಳನ್ನೇ ತೆಗೆದುಕೊಳ್ಳಿ. ಭಾರತದ ಮತ್ತು ಬ್ರಿಟನ್ನಿನ ಔಷಧಕೋಶಗಳ ಪಾಕ 66.7% w/w, ಅಮೆರಿಕದ್ದು 85% w/v. ಸಂಖ್ಯೆ ನೋಡಿದರೆ ಅಮೆರಿಕದ್ದೇ ಸಿಹಿ ಜಾಸ್ತಿ ಎನ್ನಬೇಕು. ಆದರೆ ಆ ಪಾಕದ 100 ಮಿಲಿ ಸುಮಾರು 131 ಗ್ರಾಂ ತೂಗುತ್ತದೆ. 131 ಗ್ರಾಮಿನಲ್ಲಿ 85 ಗ್ರಾಂ ಸಕ್ಕರೆ ಎಂದರೆ ತೂಕದ ಲೆಕ್ಕದಲ್ಲಿ 65%. ನಮ್ಮದಕ್ಕಿಂತ ತುಸು ಕಡಿಮೆಯೇ!

ತಯಾರಿಸುವವರು ಎಡವುವುದೂ ಇಲ್ಲೇ. 85% w/v ಎಂದರೆ 85 ಗ್ರಾಂ ಸಕ್ಕರೆಗೆ 100 ಮಿಲಿ ನೀರು ಸುರಿಯುವುದಲ್ಲ. ಹಾಗೆ ಮಾಡಿದರೆ ಒಟ್ಟು 150 ಮಿಲಿ ದಾಟಿ ಪಾಕ ತೆಳುವಾಗುತ್ತದೆ. ಕರಗಿದ ಸಕ್ಕರೆಯೂ ಜಾಗ ಹಿಡಿಯುತ್ತದಲ್ಲ! ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಮಿಲಿ ಗೆರೆ ಮುಟ್ಟುವಷ್ಟೇ ನೀರು ಸೇರಿಸಬೇಕು. ಬೇಕಾಗುವ ನೀರು ಅರ್ಧಕ್ಕಿಂತ ಕಡಿಮೆ, ಸುಮಾರು 46 ಮಿಲಿ.

ಮಕ್ಕಳ ಸಿರಪ್‌ಗಳಲ್ಲಿ ಶೇಕಡಾ ಬದಲು "5 ಮಿಲಿಯಲ್ಲಿ 125 ಮಿಲಿಗ್ರಾಂ" ಎಂದು ಬರೆಯುವುದುಂಟು. ಅದೂ w/v ಲೆಕ್ಕವೇ, 2.5% ಆಯಿತು. ತಾಯಂದಿರಿಗೆ ಈ ಬರಹವೇ ಹೆಚ್ಚು ಉಪಯೋಗ ಎನ್ನುವುದು ನನ್ನ ಅಭಿಪ್ರಾಯ.

ಇಷ್ಟಾದರೂ ಶೇಕಡಾ ಹೇಳುವುದು ಔಷಧ ಎಷ್ಟಿದೆ ಎಂಬುದನ್ನು ಮಾತ್ರ, ಎಷ್ಟು ತೀಕ್ಷ್ಣ ಎಂಬುದನ್ನಲ್ಲ. ಕ್ಲೋಬೆಟಸಾಲ್ ಕ್ರೀಮಿನ ಮೇಲೆ ಬರೀ 0.05% ಎಂದಿದ್ದರೂ 1% ಹೈಡ್ರೋಕಾರ್ಟಿಸೋನಿಗಿಂತ ಅದು ಬಹುಪಾಲು ತೀವ್ರವಾದ ಸ್ಟೀರಾಯ್ಡ್. ಸಂಖ್ಯೆ ಸಣ್ಣದೆಂದು ವೈದ್ಯರನ್ನು ಕೇಳದೆ ಅದನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಾ ಹೋದವರ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು ಕಾಣತೊಡಗುತ್ತವೆ.