ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ

ನಿಲಂಗಾ ಮತ್ತು ಉದ್ಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಆ ಕಡೆ ಹೋದವು, ಈಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಯದು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದರೆ ಅಲ್ಲಿಂದ ಬಸವಕಲ್ಯಾಣದ ದಿಕ್ಕಿಗೇ ಬರಬೇಕು. ಈ ಭಾಗದ ಅನೇಕ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಹೊಲದ ಸಾತ್‌ಬಾರಾ ಮರಾಠಿಯಲ್ಲಿ. ಮಗಳ ಎಂಜಿನಿಯರಿಂಗ್ ಸೀಟು ಬೀದರ್, ಭಾಲ್ಕಿ ಇಲ್ಲವೇ ಬೆಂಗಳೂರಿನಲ್ಲಿ ಸಿಕ್ಕಿದರೆ ಅಪ್ಪ ಮೊದಲು ಹೋಗುವುದು ತನ್ನ ಬೆಳೆಸಾಲ ಇರುವ ಬ್ಯಾಂಕಿಗೇ. ಅಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಇಷ್ಟು:

“ಸಾಹೇಬ್ರ, ಓದು ಮುಗಿಯೂತನಾ ಏನೂ ಕಟ್ಟೂದಿಲ್ಲಲ್ರೀ?”

“ಇಲ್ಲ. ಓದು ಮುಗದು ಒಂದು ವರ್ಷ ಆದ ಮ್ಯಾಲೆ ಕಂತು.”

ಎರಡೂ ಮಾತು ಸರಿಯೇ. ಅಪ್ಪ ಕೇಳದೆ ಬಿಟ್ಟದ್ದು, ಆ ಐದು ವರ್ಷ ಬಡ್ಡಿ ಏನಾಗುತ್ತದೆ ಎಂಬುದನ್ನು. ಅದರ ಉತ್ತರ ಅವನು ಸಹಿ ಹಾಕುವ ಕರಾರಿನಲ್ಲೇ ಇರುತ್ತದೆ: ಕಟ್ಟದೆ ಉಳಿದ ಬಡ್ಡಿಯನ್ನು ಕಂತು ಶುರುವಾಗುವಾಗ ಅಸಲಿಗೆ ಸೇರಿಸಲಾಗುವುದು. ಈ ಷರತ್ತು ಯಾವಾಗ ಬಂತು, ಯಾರು ತಂದರು ಎಂದು ಹುಡುಕುತ್ತ ಹೋದರೆ ದಾರಿ ಬೆಂಗಳೂರಿನ ಕೆನರಾ ಬ್ಯಾಂಕಿಗೆ ತಲುಪುತ್ತದೆ.

ಅದಕ್ಕೂ ಮೊದಲು ಬಡ್ಡಿಯೇ ಇಲ್ಲದ ಸಾಲವೊಂದಿತ್ತು. ಕೇಂದ್ರ ಸರ್ಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಎಂಬ ಯೋಜನೆ ತಂದಿತು. ಬಡ ಜಾಣ ವಿದ್ಯಾರ್ಥಿಗೆ ಹಣ, ಕೆಲಸ ಸಿಕ್ಕ ಮೇಲೆ ಅಷ್ಟೇ ವಾಪಸು. ಕೊಟ್ಟ ಹಣ ಸರಿಯಾಗಿ ಮರಳಿ ಬರಲಿಲ್ಲ. 1991ರಲ್ಲಿ ಯೋಜನೆ ನಿಂತಿತು. ಖಾಸಗಿ ವೃತ್ತಿ ಕಾಲೇಜುಗಳ ಶುಲ್ಕ ಏರುತ್ತಿದ್ದ ಕಾಲವೂ ಅದೇ. ಖಜಾನೆ ಕೈಬಿಟ್ಟ ಕೆಲಸ ಬ್ಯಾಂಕುಗಳ ಪಾಲಿಗೆ ಬಂತು.

2000ದ ಜೂನ್‌ನಲ್ಲಿ ಹಣಕಾಸು ಸಚಿವರು ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರನ್ನು ದೆಹಲಿಗೆ ಕರೆದು, ಬಡ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ಏನು ಮಾಡುತ್ತೀರಿ ಎಂದು ಚರ್ಚಿಸಿದರು. ಭಾರತೀಯ ಬ್ಯಾಂಕುಗಳ ಸಂಘ ಒಂದು ಅಧ್ಯಯನ ತಂಡ ಮಾಡಿತು. ಅದರ ಅಧ್ಯಕ್ಷರು ಆಗ ಕೆನರಾ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಆರ್.ಜೆ. ಕಾಮತ್. ಆ ತಂಡದ ಶಿಫಾರಸಿನ ಮೇಲೆ ತಯಾರಾದ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು 2001ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಕಳಿಸಿತು. ನಾಲ್ಕು ಲಕ್ಷದವರೆಗೆ ಜಾಮೀನು ಬೇಡ. ಕೋರ್ಸ್ ಮುಗಿದು ಒಂದು ವರ್ಷ, ಇಲ್ಲವೇ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅಲ್ಲಿಯವರೆಗೆ ಕಂತು ಬೇಡ. ಕೆಲಸದ ಷರತ್ತನ್ನು ಮುಂದೆ 2015ರ ಪರಿಷ್ಕರಣೆಯಲ್ಲಿ ಕೈಬಿಟ್ಟು ಎಲ್ಲರಿಗೂ ಒಂದು ವರ್ಷ ಎಂದರು.

ತಂಡದ ಮುಂದಿದ್ದ ತೊಡಕು ನಿಜವಾದದ್ದೇ. ದುಡಿಮೆಯಿಲ್ಲದ ಹುಡುಗನಿಂದ ಬಡ್ಡಿ ವಸೂಲಿ ಮಾಡುವಂತಿಲ್ಲ. ಆದರೆ ಬ್ಯಾಂಕು ಕೊಡುವುದು ಠೇವಣಿದಾರರ ಹಣ, ಅವರಿಗೆ ಬಡ್ಡಿ ಎಣಿಸಲೇಬೇಕು. ಕಂಡುಕೊಂಡ ನಡುದಾರಿಗೆ ಎರಡು ಭಾಗ. ಓದುವಾಗ ಮತ್ತು ಆಮೇಲಿನ ವಿರಾಮದಲ್ಲಿ ಸರಳ ಬಡ್ಡಿ ಮಾತ್ರ, ಚಕ್ರಬಡ್ಡಿ ಇಲ್ಲ. ಕಂತು ನಿಗದಿ ಮಾಡುವ ದಿನ, ಅಲ್ಲಿಯವರೆಗೆ ಕೂಡಿದ ಬಡ್ಡಿಯೆಲ್ಲ ಅಸಲಿಗೆ ಸೇರ್ಪಡೆ. ನಡುವೆ ಬಡ್ಡಿ ಕಟ್ಟುತ್ತ ಹೋದವರಿಗೆ ಶೇ 1ರ ರಿಯಾಯಿತಿ ಕೊಡಬಹುದು ಎಂಬ ಮಾತೂ ಅದರಲ್ಲಿದೆ. ಶಾಖೆಯಲ್ಲಿ ಇದನ್ನು ಕೇಳಿದವರಿಗಷ್ಟೇ ಹೇಳುತ್ತಾರೆ.

ಯೋಜನೆ ಬಂದ 2001ರಲ್ಲೇ, ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಕರಾರಿನಂತೆ ಅಥವಾ ರೂಢಿಯಲ್ಲಿರುವ ಬ್ಯಾಂಕಿಂಗ್ ಪದ್ಧತಿಯಂತೆ ಒಮ್ಮೆ ಅಸಲಿಗೆ ಸೇರಿಸಿದ ಬಡ್ಡಿ ಮತ್ತೆ ಬಡ್ಡಿಯಲ್ಲ, ಅಸಲೇ. ದಂಡಬಡ್ಡಿಯನ್ನು ಮಾತ್ರ ಹಾಗೆ ಸೇರಿಸುವಂತಿಲ್ಲ. ಬಡ್ಡಿ ಅಸಲನ್ನು ಮೀರಬಾರದು ಎಂಬ ದಾಮದುಪ್ಪಟ್ಟಿನ ಹಳೆಯ ಕಟ್ಟಳೆ ಗೊತ್ತಿದ್ದ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣಬಹುದು. ಬಡ್ಡಿಯೇ ಅಸಲಾದ ಮೇಲೆ ಮೀರುವುದು ಯಾವುದು, ಯಾವುದನ್ನು?

ಈಗ ಲೆಕ್ಕಕ್ಕೆ ಬರೋಣ. ಉಮರ್ಗಾ ತಾಲ್ಲೂಕಿನ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದ ಬಿ.ಇ., ಸಾಲ ನಾಲ್ಕು ಲಕ್ಷ, ಪ್ರತಿ ವರ್ಷದ ಮೊದಲಿಗೆ ಒಂದೊಂದು ಲಕ್ಷ ಕಾಲೇಜಿಗೆ ಹೋಗುತ್ತದೆ. ಬಡ್ಡಿ ಶೇ 10. ಸುಲಭವಾಗಲಿ ಎಂದು ದರ ಬದಲಾಗುವುದಿಲ್ಲ ಎಂದುಕೊಳ್ಳೋಣ. ಕಂತು ಶುರುವಾಗುವುದು ಐದು ವರ್ಷದ ಕೊನೆಗೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ ₹50,000, ಎರಡನೆಯದಕ್ಕೆ ₹40,000, ಮೂರನೆಯದಕ್ಕೆ ₹30,000, ಕೊನೆಯದಕ್ಕೆ ₹20,000. ಒಟ್ಟು ₹1,40,000. ಪಡೆದದ್ದು ನಾಲ್ಕು ಲಕ್ಷ, ಕಂತಿನ ಲೆಕ್ಕ ಆರಂಭವಾಗುವುದು ₹5,40,000ದಿಂದ.

ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು ₹7,136. ಅಸಲು ನಾಲ್ಕೇ ಲಕ್ಷವಿದ್ದಿದ್ದರೆ ₹5,286 ಆಗುತ್ತಿತ್ತು. ವ್ಯತ್ಯಾಸ ತಿಂಗಳಿಗೆ ₹1,850. ಹತ್ತು ವರ್ಷಕ್ಕೆ ಅದು ₹2,22,000. ಅಂದರೆ ಓದುವಾಗ ಕಟ್ಟದ ₹1,40,000, ಅಸಲಿಗೆ ಸೇರಿದ್ದರಿಂದ ತನ್ನ ಮೇಲೆ ಮತ್ತೆ ಎಂಬತ್ತೆರಡು ಸಾವಿರ ಎಳೆದುಕೊಂಡಿತು. ದರ ಶೇ 10ರಿಂದ ಒಂದಿಷ್ಟೂ ಕದಲಲಿಲ್ಲ. ಶಿಕ್ಷಣ ಸಾಲದಲ್ಲಿ ಎಲ್ಲರೂ ಚೌಕಾಸಿ ಮಾಡುವುದು ದರದ ಬಗ್ಗೆ. ಆದರೆ ಮಾತಿಲ್ಲದೆ ಕಳೆದ ಆ ಐದು ವರ್ಷದ ತೂಕ ಕಾಲು, ಅರ್ಧ ಪರ್ಸೆಂಟಿನ ಚೌಕಾಸಿಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ತಪ್ಪು ನುಸುಳುವುದೂ ಇದೇ ಅವಧಿಯಲ್ಲಿ. ಸರಳ ಬಡ್ಡಿಯ ಬದಲು ಖಾತೆಗೆ ತಿಂಗಳು ತಿಂಗಳು ಚಕ್ರಬಡ್ಡಿ ಬಿದ್ದರೆ, ಇದೇ ಹುಡುಗಿಯ ಅಸಲು ₹5,40,000ದ ಬದಲು ₹5,70,300ರ ಆಸುಪಾಸಿಗೆ ಹೋಗುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಮೊದಲ ವರ್ಷದ ಬಡ್ಡಿಯ ಸಾಲುಗಳನ್ನಷ್ಟೇ ನೋಡಿ. ಒಂದು ಲಕ್ಷಕ್ಕೆ ಶೇ 10ರಂತೆ ತಿಂಗಳಿಗೆ ₹833. ತಿಂಗಳ ದಿನ ಮೂವತ್ತೋ ಮೂವತ್ತೊಂದೋ ಎಂಬುದರಿಂದ ಹತ್ತಿಪ್ಪತ್ತು ರೂಪಾಯಿ ಆಚೀಚೆಯಾಗುತ್ತದೆ, ಫೆಬ್ರುವರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಆದರೆ ಹೊಸ ಹಣ ಬಿಡುಗಡೆಯಾಗದಿದ್ದರೂ ಹನ್ನೆರಡನೇ ತಿಂಗಳಿಗೆ ಅದು ಏರುತ್ತ ಏರುತ್ತ ₹913ಕ್ಕೆ ಬಂದಿದ್ದರೆ, ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿದೆ ಎಂದೇ ಅರ್ಥ. ಬಾಕಿ ಮೊತ್ತದ ಕಾಲಂ ಬೆಳೆಯುವುದು ಎರಡೂ ಲೆಕ್ಕದಲ್ಲಿ ಸಹಜ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು ಬಡ್ಡಿಯ ಕಾಲಂ.

ಸಾಲದಲ್ಲಿ ಅಪ್ಪನೂ ಸಹ-ಸಾಲಗಾರ. ಅದು ಈ ಭಾಗಕ್ಕೆ ಬೇರೆಯೇ ತೊಡಕು ತರುತ್ತದೆ. ತೊಗರಿ, ಸೋಯಾಬೀನ್ ಬೆಳೆಯುವ ರೈತ ಮಾರ್ಚ್ ಕೊನೆಗೆ ಬೆಳೆಸಾಲವನ್ನು ಹೇಗಾದರೂ ‘ನವಂ-ಜುನಂ’ ಮಾಡುತ್ತಾನೆ: ಕೈಗಡ ತಂದು ಹಳೆಯದನ್ನು ತುಂಬಿ, ಹೊಸದನ್ನು ಎತ್ತುವುದು. ಮೂರು ಲಕ್ಷದವರೆಗಿನ ಬೆಳೆಸಾಲವನ್ನು ವೇಳೆಗೆ ತೀರಿಸಿದರೆ ಮಹಾರಾಷ್ಟ್ರದಲ್ಲಿ 2021ರಿಂದ ಬಡ್ಡಿಯೇ ಶೂನ್ಯ. ಹೀಗಾಗಿ ಹೊಲದ ಸಾಲದಲ್ಲಿ ವಾಯಿದೆ ಎಂದರೆ ಏನೆಂದು ಅವನಿಗೆ ಪ್ರತಿ ವರ್ಷ ನೆನಪಾಗುತ್ತದೆ. ಮಗಳ ಸಾಲ ಐದು ವರ್ಷ ನೆನಪಿಗೇ ಬರುವುದಿಲ್ಲ. ಆಕೆಗೆ ಕೆಲಸ ಸಿಗದೆ ಕಂತು ತಪ್ಪಿದರೆ ಸಿಬಿಲ್‌ನಲ್ಲಿ ಕೆಂಪು ಗುರುತು ಬೀಳುವುದು ಇಬ್ಬರಿಗೂ. ಮುಂದಿನ ಮುಂಗಾರಿಗೆ ಬೆಳೆಸಾಲ ಕೇಳಲು ಹೋದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಸೇರ್ಪಡೆಯ ಈ ಷರತ್ತು ಭಾರವಾಗುತ್ತದೆ ಎಂದು ಸರ್ಕಾರಕ್ಕೆ ಗೊತ್ತಾಗಲು ಎಂಟು ವರ್ಷ ಬೇಕಾಯಿತು. 2009–10ರ ಶೈಕ್ಷಣಿಕ ವರ್ಷದಿಂದ ಕೇಂದ್ರದ ಬಡ್ಡಿ ಸಹಾಯಧನ ಬಂತು. ಕುಟುಂಬದ ವಾರ್ಷಿಕ ಆದಾಯ ₹4.5 ಲಕ್ಷದೊಳಗಿದ್ದು ಕೋರ್ಸ್ ತಾಂತ್ರಿಕ ಅಥವಾ ವೃತ್ತಿಪರವಾಗಿದ್ದರೆ, ಮೊರಟೋರಿಯಂ ಅವಧಿಯ ಬಡ್ಡಿಯನ್ನು ಪೂರ್ತಿ ಸರ್ಕಾರವೇ ಕಟ್ಟುತ್ತದೆ. ನೋಡಲ್ ಬ್ಯಾಂಕ್ ಮತ್ತೆ ಕೆನರಾ. ಷರತ್ತು ಅಳಿಸಲಿಲ್ಲ, ಅದರ ಬಿಲ್ಲನ್ನು ಬೇರೆಯವರು ಕೊಟ್ಟರು. 2014ರ ಮಧ್ಯಂತರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ ಇನ್ನೂ ಹಿಂದಕ್ಕೆ ಹೋಗಿ, 2009ರ ಮಾರ್ಚ್‌ಗೆ ಮುಂಚೆ ಸಾಲ ಪಡೆದು ಸಹಾಯಧನ ಸಿಗದವರ ಬಾಕಿ ಬಡ್ಡಿಯನ್ನು, 2013ರ ಕೊನೆಯವರೆಗಿನದನ್ನು, ಸರ್ಕಾರ ಹೊರುತ್ತದೆ ಎಂದರು. ಸುಮಾರು ಒಂಬತ್ತು ಲಕ್ಷ ವಿದ್ಯಾರ್ಥಿಗಳು, ₹2,600 ಕೋಟಿ. ಕೊರೊನಾ ಕಾಲದ ಆರು ತಿಂಗಳ ಮೊರಟೋರಿಯಂನಲ್ಲೂ ಜಗಳ ಇದರದ್ದೇ. ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಎರಡು ಕೋಟಿಯವರೆಗಿನ ಸಾಲಗಳಿಗೆ ಸರ್ಕಾರ ತುಂಬಿಕೊಟ್ಟಿತು, ಶಿಕ್ಷಣ ಸಾಲವೂ ಅದರಲ್ಲಿತ್ತು. ಆ ಆರು ತಿಂಗಳಿಗೆ ಯಾರಿಂದಲೂ ಬಡ್ಡಿಯ ಮೇಲೆ ಬಡ್ಡಿ ಪಡೆಯಬಾರದೆಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓದುವ ಐದು ವರ್ಷದ ಬಗ್ಗೆ ಅಲ್ಲಿ ಮಾತಿರಲಿಲ್ಲ.

ಸಹಾಯಧನ ಗಡಿಯ ಮನೆಗೆ ತಲುಪುವ ದಾರಿಯಲ್ಲಿ ಎಡವುವುದು ಕಾಗದಪತ್ರದಲ್ಲಿ. ಕಾಲೇಜು ಕರ್ನಾಟಕದಲ್ಲಿದ್ದರೂ ಆದಾಯ ಪ್ರಮಾಣಪತ್ರ ಮಹಾರಾಷ್ಟ್ರದ ತಹಶೀಲ್ದಾರರದ್ದೇ ಆಗಬೇಕು. ಸಹಾಯಧನವನ್ನು ಕೇಳಬೇಕಾದದ್ದು ವಿದ್ಯಾರ್ಥಿಯಲ್ಲ, ಶಾಖೆ. ಅದು ಕೇಳದಿದ್ದರೆ ಹಣ ಬರುವುದಿಲ್ಲ. ಆದ್ದರಿಂದ ಪ್ರಮಾಣಪತ್ರ ಕೊಟ್ಟ ದಿನವೇ ಸ್ವೀಕೃತಿ ಬರೆಸಿಕೊಳ್ಳುವುದು, ವರ್ಷಕ್ಕೊಮ್ಮೆ ಖಾತೆಯಲ್ಲಿ ಸಹಾಯಧನದ ಜಮಾ ಇದೆಯೇ ಎಂದು ನೋಡುವುದು ಅಗತ್ಯ. 2018ರ ನಂತರ ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂಬುದನ್ನೂ ಸೀಟು ಹಿಡಿಯುವ ಮೊದಲೇ ಕೇಳಬೇಕು. ಕಾಯಿಲೆಯ ಕಾರಣವಿಲ್ಲದೆ ಓದು ನಡುವೆ ಬಿಟ್ಟವರಿಗೆ ಈ ಸೌಲಭ್ಯ ಇಲ್ಲ.

ಇತ್ತೀಚಿನ ಸೇರ್ಪಡೆ 2024ರ ನವೆಂಬರ್ 6ರಂದು ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ. ಆಯ್ದ ಕಾಲೇಜುಗಳಿಗೆ ಸೇರಿದವರಲ್ಲಿ ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3ರಷ್ಟು ಬಡ್ಡಿಯನ್ನು ಸರ್ಕಾರ ಕೊಡುತ್ತದೆ. ನಮ್ಮ ಹುಡುಗಿಯ ಮನೆಯ ಆದಾಯ ₹4.5 ಲಕ್ಷಕ್ಕಿಂತ ತುಸು ಹೆಚ್ಚಿದ್ದು, ಕಾಲೇಜು ಆ ಪಟ್ಟಿಯಲ್ಲಿದ್ದರೆ, ಅವಳ ₹1,40,000 ಬಡ್ಡಿಯಲ್ಲಿ ₹42,000 ಸರ್ಕಾರದ್ದು. ಉಳಿದ ₹98,000 ಮೊದಲಿನಂತೆಯೇ ಅಸಲಿಗೆ ಹೋಗುತ್ತದೆ. ತಿಂಗಳ ಕಂತು ₹7,136ರಿಂದ ₹6,581ಕ್ಕೆ ಇಳಿಯುತ್ತದೆ.