ನಯವಾಗಿ ‘ಬೇಡ’ ಎಂದ ಮೇಲೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಯಾರೂ ಯಾರಿಂದಲೂ ಬಹಳ ದಿನ ತಪ್ಪಿಸಿಕೊಂಡು ಓಡಾಡಲಾಗುವುದಿಲ್ಲ. ಬೆಳಿಗ್ಗೆ ಟ್ಯೂಷನ್ನಿನಲ್ಲಿ ಕಂಡವರು ಸಂಜೆ ಗಾಂಧಿ ಬಜಾರಿನ ಹೂವಿನಂಗಡಿ ಮುಂದೆ ಸಿಗುತ್ತಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ ನಡೆದರೆ ಎರಡೂ ಮನೆಯವರು ಬಂದಿರುತ್ತಾರೆ. ಇಂಥಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡು, ಹುಡುಗಿ ನಯವಾಗಿ ಬೇಡವೆಂದರೆ, ಮಾರನೆಯ ದಿನವೇ ಇಬ್ಬರೂ ಎದುರುಬದುರಾಗಬೇಕಾಗುತ್ತದೆ. ಕೇಳಿದವಳು ಹುಡುಗಿ, ಬೇಡವೆಂದವನು ಹುಡುಗ ಆದರೂ ಪರಿಸ್ಥಿತಿ ಅದೇ. ಆ ಮಾರನೆಯ ದಿನವನ್ನು ಹೇಗೆ ನಿಭಾಯಿಸುವುದು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಬ್ಬರೂ ಒಂದೇ ಟ್ಯೂಷನ್ನಿಗೆ ಹೋಗುವವರು, ಪ್ರಾಕ್ಟಿಕಲ್ ರೆಕಾರ್ಡು ಅದಲುಬದಲು ಮಾಡಿಕೊಳ್ಳುವವರು. ಹುಡುಗ ಒಂದು ಸಂಜೆ ಮೊಬೈಲಿನಲ್ಲಿ ಬರೆದು ತಿಳಿಸುತ್ತಾನೆ. ಅವಳ ಉತ್ತರ ಬರುತ್ತದೆ: “ನೀನು ಒಳ್ಳೇವ್ನು ಕಣೋ. ಆದ್ರೆ ನನಗೆ ಆ ಥರ ಅನ್ನಿಸಿಲ್ಲ. ಈಗ ಓದಿನ ಕಡೆ ಗಮನ ಕೊಡ್ಬೇಕು. ಮೊದಲಿನ ಹಾಗೇ ಫ್ರೆಂಡ್ಸ್ ಆಗಿರೋಣ.”

ಉತ್ತರ ಯಾವುದು?

ಈ ನಾಲ್ಕು ವಾಕ್ಯಗಳಲ್ಲಿ ಉತ್ತರವಿರುವುದು ಎರಡನೆಯದರಲ್ಲಿ ಮಾತ್ರ. ಉಳಿದ ಮೂರು, ಪೆಟ್ಟು ಜೋರಾಗಿ ಬೀಳದಿರಲೆಂದು ಇಟ್ಟ ಮೆತ್ತೆ. ಆದರೆ ಕೇಳಿದವನ ಕಣ್ಣು ಮೆತ್ತೆಯ ಮೇಲೇ ಬೀಳುತ್ತದೆ. ‘ಒಳ್ಳೇವ್ನು ಅಂದಳಲ್ಲ’, ‘ಈಗ ಓದು ಅಂದಳು, ಅಂದರೆ ಪರೀಕ್ಷೆ ಮುಗಿದ ಮೇಲೆ ನೋಡಬಹುದು’ ಎಂದು ಅವನು ಲೆಕ್ಕ ಹಾಕತೊಡಗುತ್ತಾನೆ. ‘ಮನೇಲಿ ಒಪ್ಪಲ್ಲ’ ಎಂಬ ಮಾತಿಗೂ ಇದೇ ಗತಿ. ಅದು ನಯವಾದ ಮುಕ್ತಾಯವಾಗಿರುವಾಗ, ಕೇಳಿದವನು ಮನೆಯವರನ್ನು ಒಪ್ಪಿಸುವ ದಾರಿ ಹುಡುಕಲು ಹೊರಡುತ್ತಾನೆ. ಕಹಿಯ ಬೀಜ ಬೀಳುವುದು ಇಲ್ಲಿಯೇ: ಕೊಡದ ಮಾತನ್ನು ಕೊಟ್ಟಳೆಂದುಕೊಂಡವನು, ಮುಂದೆ ಅವಳು ಮಾತು ತಪ್ಪಿದಳೆಂದು ಕೋಪಿಸಿಕೊಳ್ಳುತ್ತಾನೆ.

ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ವಿಷಯದ್ದು. ತಾವು ಪ್ರೀತಿಸಿ ನಿರಾಕರಣೆ ಪಡೆದ ಪ್ರಸಂಗ, ತಮ್ಮನ್ನು ಪ್ರೀತಿಸಿದವರನ್ನು ತಾವು ನಿರಾಕರಿಸಿದ ಪ್ರಸಂಗ, ಎರಡನ್ನೂ ಅವರು ಜನರಿಂದ ಬರೆಸಿದರು. ಎರಡು ಬಗೆಯ ಕಥೆಗಳೂ ಒಂದಕ್ಕೊಂದು ಹೊಂದಲಿಲ್ಲ. ನಿರಾಕರಣೆ ಪಡೆದ ಪಾತ್ರದಲ್ಲಿ ಬರೆದಾಗ, ಆಸೆ ಹುಟ್ಟಿಸಿ ಕೈಬಿಟ್ಟರು, ಸ್ಪಷ್ಟವಾಗಿ ಬೇಡವೆನ್ನಲೇ ಇಲ್ಲ ಎಂಬ ದೂರು ಹೆಚ್ಚು ಕಂಡಿತು. ನಿರಾಕರಿಸಿದ ಪಾತ್ರದಲ್ಲಿ ಬರೆದಾಗ, ತಾವು ಆಸೆ ಹುಟ್ಟಿಸಿರಲಿಲ್ಲ ಎಂಬ ಮಾತಿನ ಜೊತೆಗೆ, ನೋಯಿಸಿದ ಅಪರಾಧಿ ಭಾವವೂ ಏನು ಹೇಳಬೇಕೆಂದೇ ತೋಚದ ಪೇಚಾಟವೂ ಇದ್ದವು. ಪ್ರೀತಿ ನಿವೇದಿಸುವುದು ಹೇಗೆಂದು ಕಥೆ, ಸಿನಿಮಾಗಳು ಬೇಕಾದಷ್ಟು ತೋರಿಸಿವೆ. ಬೇಡವೆನ್ನುವವರಿಗೆ ಅಂಥ ಮಾದರಿಯೇ ಇಲ್ಲ. ನಯವಾಗಿ ಬೇಡವೆಂದ ಹುಡುಗಿಯೂ ಆ ರಾತ್ರಿ ನೆಮ್ಮದಿಯಾಗಿ ಮಲಗಿರುವುದಿಲ್ಲ ಎಂಬುದು ತಿಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಮೂರು ವಾಕ್ಯದ ಮರುತ್ತರ

ಹುಡುಗನ ಮರುತ್ತರ ಇಷ್ಟಿದ್ದರೆ ಸಾಕು: “ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಅರ್ಥ ಆಯ್ತು, ಮತ್ತೆ ಈ ವಿಷಯ ಎತ್ತಲ್ಲ. ಸ್ವಲ್ಪ ದಿನ ನಾನು ಮಾತು ಕಡಿಮೆ ಮಾಡಿದ್ರೆ ಕೋಪ ಅಂದ್ಕೋಬೇಡ.”

ಮೊದಲ ವಾಕ್ಯ ಅವಳ ಪೇಚಾಟವನ್ನು ಇಳಿಸುತ್ತದೆ. ಎರಡನೆಯದು, ನಾಳೆ ಟ್ಯೂಷನ್ನಿಗೆ ಹೆದರದೆ ಬರಬಹುದೆಂಬ ಭರವಸೆ ಕೊಡುತ್ತದೆ. ಮೂರನೆಯದು ಅವನಿಗೇ ಉಸಿರಾಡಲು ಜಾಗ ಮಾಡಿಕೊಡುತ್ತದೆ. ಇದರಲ್ಲಿ ‘ಯಾಕೆ?’ ಎಂಬ ಪ್ರಶ್ನೆ ಇಲ್ಲದಿರುವುದನ್ನು ಗಮನಿಸಬೇಕು. ಯಾಕೆಂದು ಕೇಳಿದರೆ ಅವಳು ಒಂದು ಕಾರಣ ಕೊಡಬೇಕಾಗುತ್ತದೆ, ಕೊಟ್ಟ ಕಾರಣಕ್ಕೆ ಇವನು ಸಮಾಧಾನ ಹೇಳುತ್ತಾನೆ, ಅಲ್ಲಿಂದ ಅದು ಚರ್ಚಾ ಸ್ಪರ್ಧೆಯಾಗುತ್ತದೆ. ಇಷ್ಟವಾಗದಿರುವುದಕ್ಕೆ ಕಾರಣ ಬೇಕಿಲ್ಲ. ಗೆಳೆಯನ ಕೈಲಿ ಹೇಳಿಸುವುದು, ಅವಳ ಗೆಳತಿಯನ್ನು ವಿಚಾರಿಸುವುದು, ಅವಳ ಉತ್ತರವನ್ನು ಇತರರಿಗೆ ತೋರಿಸುವುದು, ಇವೂ ಕೂಡದು. ಮೂರನೆಯವರ ಕಿವಿಗೆ ಬಿದ್ದ ದಿನದಿಂದ ಕ್ಲಾಸಿನಲ್ಲಿ ಕೀಟಲೆ ಶುರುವಾಗುತ್ತದೆ. ಆಮೇಲೆ ಇಬ್ಬರೂ ಸಹಜವಾಗಿ ಮಾತಾಡುವುದು ಕಷ್ಟ.

ಪಾರಿವಾಳ ಮತ್ತು ಕಾಳು

‘ಫ್ರೆಂಡ್ಸ್ ಆಗಿರೋಣ’ ಎಂದಳಲ್ಲ, ನಾಳೆಯಿಂದಲೇ ಮೊದಲಿನಂತೆ ಹರಟೆ ಹೊಡೆಯಬಹುದೇ? ಇಲ್ಲಿ ವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪಾರಿವಾಳಗಳು ನೆನಪಾಗುತ್ತವೆ. ಗೂಡಿನೊಳಗಿನ ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗನೆ ಕುಕ್ಕುವುದನ್ನು ಬಿಟ್ಟಿತು. ಯಾವಾಗಲೋ ಒಮ್ಮೊಮ್ಮೆ ಮಾತ್ರ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ಪೂರ್ತಿ ನಿಂತರೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಹುಡುಗ, ಹಕ್ಕಿ ಒಂದೇ ಅಲ್ಲ. ಆದರೂ ದಿನಕ್ಕೆ ಹತ್ತು ಸಲ ಮೊಬೈಲ್ ತೆರೆದು, ತನ್ನ ಸ್ಟೇಟಸ್ ಅವಳು ನೋಡಿದಳೋ ಇಲ್ಲವೋ ಎಂದು ಪರೀಕ್ಷಿಸುವವನ ಪಾಡು ಇದಕ್ಕಿಂತ ದೂರವಿಲ್ಲ. ಅವಳು ಸೌಜನ್ಯಕ್ಕೆ ಕಳಿಸಿದ ಒಂದು ನಗುಮುಖವೂ ಕಾಳಾಗುತ್ತದೆ.

ಆದ್ದರಿಂದ ಕೆಲವು ವಾರಗಳ ಬಿಡುವು ಬೇಕು. ಬಿಡುವೆಂದರೆ ಮುಖ ತಿರುಗಿಸುವುದಲ್ಲ. ಎದುರು ಸಿಕ್ಕರೆ ಮೊದಲಿನಂತೆ ಒಂದು ನಗು, ಪಾಠದ ವಿಷಯವಾದರೆ ಎಲ್ಲರ ನಡುವೆ ನಾಲ್ಕು ಮಾತು ಇರಲಿ. ನಿಲ್ಲಬೇಕಾದದ್ದು ರಾತ್ರಿಯ ಖಾಸಗಿ ಸಂದೇಶ, ಬಸ್ ಸ್ಟಾಪಿನಲ್ಲಿ ಕಾಯುವುದು, ಅವಳ ಸ್ಟೇಟಸ್ ಹುಡುಕುವುದು. ಮುಖ ತಿರುಗಿಸುವವನು ಅವಳನ್ನು ಶಿಕ್ಷಿಸುತ್ತಿರುತ್ತಾನೆ. ಬಿಡುವು ತೆಗೆದುಕೊಳ್ಳುವವನು ತನ್ನನ್ನು ಸರಿಪಡಿಸಿಕೊಳ್ಳುತ್ತಿರುತ್ತಾನೆ.

ಸರಿಯಾಯಿತೆಂದು ತಿಳಿಯುವುದು ಹೇಗೆ? ಅವಳು ಬೇರೊಬ್ಬ ಹುಡುಗನ ಜೊತೆ ನಗುತ್ತಿದ್ದುದನ್ನು ಕಂಡರೂ ಆ ಸಂಜೆಯ ಓದು ಕೆಡದಿದ್ದರೆ ಗಾಯ ಮಾಯುತ್ತಿದೆ ಎಂದರ್ಥ. ರೆಕಾರ್ಡು ಕೇಳಲು ಹೋಗುವ ಮೊದಲು, ‘ಇದನ್ನು ಪಕ್ಕದ ಬೆಂಚಿನವನ ಹತ್ತಿರವೂ ಕೇಳುತ್ತಿದ್ದೆನೇ?’ ಎಂದು ತನ್ನನ್ನೇ ಕೇಳಿಕೊಳ್ಳಬಹುದು. ಹೌದಾದರೆ ಅದು ಸ್ನೇಹ. ಅಲ್ಲವಾದರೆ ಸ್ನೇಹದ ಹೆಸರಿನಲ್ಲಿ ಕಾಯುತ್ತ ಕೂತಂತೆ. ಹಾಗೆ ಕಾದವನೇ ಒಂದು ದಿನ ‘ನಿನಗಾಗಿ ಎಷ್ಟೆಲ್ಲ ಮಾಡಿದೆ’ ಎಂದು ಲೆಕ್ಕ ಒಪ್ಪಿಸುವುದು.

ಇದಕ್ಕೊಂದು ಗಡಿಯೂ ಇದೆ. ಅವಳಿಗೆ ಆ ನಾಲ್ಕು ಮಾತೂ ಬೇಡವೆನ್ನಿಸಿದರೆ, ಎದುರು ಸಿಕ್ಕಾಗ ತಲೆಯಾಡಿಸಿ ಮುಂದೆ ಹೋಗುವುದೇ ಒಳ್ಳೆಯ ಸಂಬಂಧ. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣೊಬ್ಬಳನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು 2013ರಿಂದ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಸಿನಿಮಾದ ನಾಯಕ ಹಾಡುತ್ತ ಮಾಡುವುದನ್ನು ಸಂಪಿಗೆ ರಸ್ತೆಯಲ್ಲಿ ಮಾಡಿದರೆ ಪೊಲೀಸ್ ಠಾಣೆ ನೋಡಬೇಕಾದೀತು.

ಅಪ್ಪ ಅಮ್ಮ ಏನು ಮಾಡಬಹುದು?

ಮಗ ಊಟ ಬಿಟ್ಟು ಕೋಣೆ ಸೇರಿದರೆ, ‘ಓದೋ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?’ ಎಂದು ಗದರಿಸುವುದರಿಂದ ಅವನು ಮುಂದೆ ಏನನ್ನೂ ಹೇಳುವುದಿಲ್ಲ, ಅಷ್ಟೆ. ‘ಅವಳಿಗೇನು ಅಷ್ಟೊಂದು ಜಂಬ’ ಎಂದು ಮಗನ ಪರ ನಿಲ್ಲುವುದು ಇನ್ನೂ ಕೆಟ್ಟದ್ದು, ಏಕೆಂದರೆ ಅವನಲ್ಲಿ ಇಲ್ಲದಿದ್ದ ಕಹಿಯನ್ನು ಮನೆಯವರೇ ತುಂಬಿದಂತಾಗುತ್ತದೆ. ‘ಬೇಜಾರಾಗೋದು ಸಹಜ ಕಣೋ. ಆ ಹುಡುಗೀನೂ ಮರ್ಯಾದೆಯಿಂದಲೇ ಹೇಳಿದ್ದಾಳೆ’ ಎಂದರೆ ಸಾಕು. ಅವಳ ಮನೆಗೆ ಫೋನ್ ಮಾಡಬಾರದು. ಊಟ, ನಿದ್ದೆ, ಓದು ಎರಡು ಮೂರು ವಾರವಾದರೂ ಹಳಿಗೆ ಬರದಿದ್ದರೆ ಆಪ್ತ ಸಲಹೆಗಾರರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಾಯಿಂದ ಬಂದರಂತೂ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಗಳು ಬೇಡವೆಂದು ಹೇಳಿ ಬಂದಿದ್ದರೆ ಅವಳನ್ನೂ ಒಮ್ಮೆ ವಿಚಾರಿಸಬೇಕು. ತಪ್ಪು ಮಾಡಿದೆನೇನೋ ಎಂಬ ಅಳುಕು ಅವಳಲ್ಲಿದ್ದರೆ, ಇಲ್ಲವೆಂದು ಹೇಳಬೇಕಾದವರು ಮನೆಯವರೇ.