ರಿಯಾಯಿತಿ ಬೋರ್ಡ್ ಹಾಕೋ ಮುಂಚೆ ಒಂದು ಲೆಕ್ಕ

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಖಾನಾವಳಿ ಇದೆ ಅಂದ್ಕೊಳ್ಳಿ. ರೊಟ್ಟಿ ಊಟಕ್ಕೆ 100 ರೂ. ಜೋಳ, ಬೇಳೆ, ಎಣ್ಣೆ, ಗ್ಯಾಸು ಎಲ್ಲ ಸೇರಿ ಒಂದು ಊಟಕ್ಕೆ 60 ರೂ. ಖರ್ಚು. ಉಳಿಯೋದು 40. ಮಾಲೀಕರು 'ವಿದ್ಯಾರ್ಥಿಗಳಿಗೆ ಶೇ. 20 ರಿಯಾಯಿತಿ' ಅಂತ ಬೋರ್ಡ್ ಹಾಕ್ತಾರೆ. ಈಗ ಊಟಕ್ಕೆ 80 ರೂ., ಉಳಿಯೋದು 20.

ದಿನಕ್ಕೆ 30 ವಿದ್ಯಾರ್ಥಿಗಳು ಈ ದರದಲ್ಲಿ ಊಟ ಮಾಡ್ತಾರೆ. ಗಲ್ಲಾದಲ್ಲಿ 2,400 ರೂ. ಕಂಡು ಮಾಲೀಕರಿಗೆ ಖುಷಿ. ಆದ್ರೆ ಅದರಲ್ಲಿ 15 ಮಂದಿ ಮೊದಲೂ 100 ರೂ. ಕೊಟ್ಟು ಉಣ್ಣುತ್ತಿದ್ದವರೇ ಆಗಿದ್ರೆ? ಹೊಸ 15 ಮಂದಿಯಿಂದ 300 ರೂ. ಬಂತು, ಹಳೆಯ 15 ಮಂದಿಯಿಂದ 300 ರೂ. ಹೋಯ್ತು. ವ್ಯಾಪಾರ 900 ರೂ. ಏರಿತು, ಲಾಭ ಒಂದು ರೂಪಾಯಿಯೂ ಏರಲಿಲ್ಲ.

ಅದೇ ಶೇ. 10 ಮಾತ್ರ ಬಿಟ್ಟಿದ್ರೆ ಒಬ್ಬ ಹೊಸಬನಿಂದ 30 ರೂ. ಬರುತ್ತೆ, ಒಬ್ಬ ಹಳಬನಿಂದ 10 ಹೋಗುತ್ತೆ. ಒಬ್ಬ ಹೊಸಬ ಮೂವರು ಹಳಬರ ನಷ್ಟ ತುಂಬ್ತಾನೆ. ಶೇ. 30 ಬಿಟ್ರೆ ಲೆಕ್ಕ ತಿರುಗಿ ನಿಲ್ಲುತ್ತೆ: ಒಬ್ಬ ಹಳಬನಿಗೆ ಮೂವರು ಹೊಸಬರು ಬೇಕು.

ಹಾಗಾಗಿ ರಿಯಾಯಿತಿಗೆ ಒಂದು ಬೇಲಿ ಬೇಕು. ಹೊಸಬರು ಸುಲಭವಾಗಿ ದಾಟಬೇಕು, ಹಳಬರಿಗೆ ದಾಟೋ ಕಾರಣ ಇರಬಾರದು. ಗಂಜ್‌ನ ಹಮಾಲರು, ಅಡತಿ ಅಂಗಡಿಯವರು ಊಟಕ್ಕೆ ಬರೋದು ಒಂದರಿಂದ ಎರಡೂವರೆಗೆ ಅಂತಾದ್ರೆ, ವಿದ್ಯಾರ್ಥಿ ದರ ಮೂರರಿಂದ ಐದಕ್ಕೆ, ಕಾಲೇಜಿನ ಗುರುತಿನ ಚೀಟಿ ತೋರಿಸಿದವರಿಗೆ ಇರಲಿ. ಹಿರಿಯರ ದರ ಹನ್ನೆರಡೂವರೆಯೊಳಗೆ ಬಂದವರಿಗೆ. ಆಗ ಖಾಲಿ ಕುರ್ಚಿ ತುಂಬುತ್ತೆ, ಗದ್ದಲದ ಹೊತ್ತಿನ ಕುರ್ಚಿ ಪೂರ್ತಿ ದರ ಕೊಡೋರಿಗೇ ಉಳಿಯುತ್ತೆ.

ಗುಂಪಿನ ರಿಯಾಯಿತಿಯಲ್ಲಿ ಎಡವೋದು ಜಾಸ್ತಿ. ಕೆಎಸ್‌ಆರ್‌ಟಿಸಿ ಮುಂಗಡ ಬುಕಿಂಗ್‌ನಲ್ಲಿ ಒಂದೇ ಟಿಕೆಟ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿ ಇದ್ರೆ ಶೇ. 5 ಬಿಡುತ್ತೆ. ನಾಲ್ವರು ಒಟ್ಟಿಗೆ ಹೊರಡೋ ಕುಟುಂಬವನ್ನ ಬಸ್ಸಿಗೆ ಕರೆಯೋಕೆ ಅದು ಸರಿ. ಖಾನಾವಳಿಗೆ ಇದೇ ನಿಯಮ ತಂದ್ರೆ ದಿನಾ ನಾಲ್ವರು ಸೇರಿ ಬರೋ ಅಂಗಡಿಯವರಿಗೇ ರಿಯಾಯಿತಿ ಸಿಗುತ್ತೆ. ಬದಲಿಗೆ 'ಹಿಂದಿನ ದಿನ ಹೇಳಿಟ್ರೆ ಹತ್ತು ಊಟಕ್ಕೆ ಶೇ. 10' ಅನ್ನಿ. ಹಾಗೆ ಹೇಳೋದು ಹೆಚ್ಚಾಗಿ ಮನೆಯ ಕಾರ್ಯಕ್ರಮದವರು.

ಗೆದ್ದಿದೆಯೋ ಸೋತಿದೆಯೋ ಗೊತ್ತಾಗೋಕೆ ರಿಯಾಯಿತಿ ಊಟ ಎಣಿಸಿದ್ರೆ ಸಾಲದು. ಬೋರ್ಡ್ ಹಾಕೋ ಮುಂಚಿನ ಎರಡು ವಾರ ಪೂರ್ತಿ ದರದ ಊಟ ಎಷ್ಟು ಹೋಗಿತ್ತು ಬರೆದಿಡಿ. ಆಮೇಲೆ ಅದೇ ವಾರಗಳಿಗೆ, ಸೋಮವಾರಕ್ಕೆ ಸೋಮವಾರ ಹೋಲಿಸಿ. ಆ ಸಂಖ್ಯೆ ಇಳಿದಿದ್ರೆ ಹಳಬರು ಬೇಲಿ ಹಾರಿದ್ದಾರೆ ಅಂತ ಸಂಶಯಪಡಿ. ಒಂದೇ ಎಚ್ಚರ: ತೊಗರಿ ಆವಕ ಜೋರಾಗಿರೋ ಜನವರಿಯಲ್ಲಿ ಬೋರ್ಡ್ ಹಾಕಿ, ಗಂಜ್‌ಗೆ ಬಂದ ರೈತರ ಜನವನ್ನ ರಿಯಾಯಿತಿಯ ಗೆಲುವು ಅಂದ್ಕೋಬೇಡ್ರಿ.